ಪಿಡಿಎಫ್ ಕಡತಗಳ ಪುಟ ಎಣಿಕೆ ಹಾಗೂ ಮುದ್ರಣ ವೆಚ್ಚದ ಅಂದಾಜು

ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರ ಗಮನಕ್ಕೆ:

ಜಮಾಬಂದಿ ಹಾಗೂ ಗ್ರಾಮ ಸಭೆಗೆ ಬೇಕಾದ ನಗದು ಪುಸ್ತಕ, ವೋಚರು, ಕಾಮಗಾರಿ ಪಟ್ಟಿ ಮತ್ತು ಛಾಯಾಚಿತ್ರಗಳು ಈಗ ಬಹುಪಾಲು ಪಿಡಿಎಫ್ ರೂಪದಲ್ಲಿಯೇ ಇರುತ್ತವೆ. ಭೋಜದಂತಹ ಗ್ರಾಮದಿಂದ ನಿಪ್ಪಾಣಿ ಅಥವಾ ಚಿಕ್ಕೋಡಿಯ ಅಂಗಡಿಗೆ ಪೆನ್‌ಡ್ರೈವ್ ಒಯ್ದ ಮೇಲೆ ಹಣ ಸಾಲದೆಂದು ತಿಳಿದರೆ, ಕೆಲವು ದಾಖಲೆಗಳು ಸಭೆಯ ಮುಂದೆ ಬರದೇ ಉಳಿಯುತ್ತವೆ. ಆದ್ದರಿಂದ ಪುಟಗಳನ್ನು ಕಚೇರಿಯಲ್ಲಿಯೇ ಎಣಿಸುವುದು ಸೂಕ್ತ.

ಕಡತದ ಗಾತ್ರವನ್ನು ನೋಡಿ ಪುಟಗಳನ್ನು ಅಂದಾಜಿಸಬಾರದು. ಸ್ಕ್ಯಾನ್ ಮಾಡಿದ ಆರು ಪುಟಗಳ ಕಡತವು, ಬೆರಳಚ್ಚಾದ ನೂರು ಪುಟಗಳ ಕಡತಕ್ಕಿಂತ ದೊಡ್ಡದಿರಬಹುದು. ಉಚಿತವಾಗಿ ದೊರೆಯುವ PDFsam Basic ತಂತ್ರಾಂಶದ Merge ವಿಭಾಗಕ್ಕೆ ಎಲ್ಲ ಕಡತಗಳನ್ನು ಸೇರಿಸಿದರೆ, ಪ್ರತಿ ಕಡತದ ಪುಟಸಂಖ್ಯೆಯು Pages ಅಂಕಣದಲ್ಲಿ ಕಾಣುತ್ತದೆ. ಕಡತಗಳನ್ನು ಒಂದುಗೂಡಿಸುವ ಅಗತ್ಯವಿಲ್ಲ. ಪಾಸ್‌ವರ್ಡ್ ಇರುವ ಕಡತದ ಪುಟಗಳು, ಅದನ್ನು ತೆರೆಯುವವರೆಗೆ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಿಯಲ್ಲಿರುವ ಕಡತಗಳ ಸಂಖ್ಯೆಯನ್ನು ಫೋಲ್ಡರಿನಲ್ಲಿರುವ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಎರಡು ಬಾರಿ ಇಳಿಸಿಕೊಂಡ ಒಂದೇ ಕಡತವಿದ್ದರೆ ಅದನ್ನು ತೆಗೆಯಬೇಕು.

ಬಳಿಕ ಪುಟಗಳನ್ನು ಕಪ್ಪು-ಬಿಳುಪು, ಬಣ್ಣ ಹಾಗೂ ಎ3 ನಕ್ಷೆ ಎಂದು ವಿಂಗಡಿಸಬೇಕು. ಇದಕ್ಕೆ ಕಡತಗಳನ್ನು ತೆರೆದು ನೋಡುವುದು ಅನಿವಾರ್ಯ. ಅಂಗಡಿಯವರಿಂದ ದೂರವಾಣಿಯಲ್ಲಿ ದರ ಕೇಳುವಾಗ, ಅದು ಒಂದು ಬದಿಗೋ ಒಂದು ಹಾಳೆಗೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಉದಾಹರಣೆಗೆ, ಒಂದು ಪ್ರತಿಯಲ್ಲಿ 300 ಕಪ್ಪು-ಬಿಳುಪು, 12 ಬಣ್ಣದ ಹಾಗೂ 5 ಎ3 ಪುಟಗಳಿವೆ ಎಂದಿಟ್ಟುಕೊಳ್ಳೋಣ. ಕಪ್ಪು-ಬಿಳುಪಿಗೆ ಬದಿಯೊಂದಕ್ಕೆ ರೂ. 2, ಬಣ್ಣಕ್ಕೆ ರೂ. 10, ಎ3 ಪುಟಕ್ಕೆ ರೂ. 10, ಬೈಂಡಿಂಗಿಗೆ ರೂ. 40 ಎಂದಾದರೆ, ಒಂದು ಪ್ರತಿಗೆ 600 + 120 + 50 + 40 = ರೂ. 810 ಆಗುತ್ತದೆ. ಐದು ಪ್ರತಿಗಳಿಗೆ ರೂ. 4,050.

ಕಪ್ಪು-ಬಿಳುಪು ಪುಟಗಳನ್ನು ಎರಡೂ ಬದಿಗೆ ಮುದ್ರಿಸಿ, ಹಾಳೆಗೆ ರೂ. 3 ದರವಿದ್ದರೆ ಲೆಕ್ಕ ಬದಲಾಗುತ್ತದೆ. ಇಲ್ಲಿ 300ರ ಅರ್ಧ 150 ಹಾಳೆ ಎಂದು ಬರೆಯುವುದು ತಪ್ಪು. ಪ್ರತಿಯೊಂದು ಕಡತವೂ ಹೊಸ ಹಾಳೆಯಿಂದ ಆರಂಭವಾಗುವುದರಿಂದ, ಬೆಸ ಪುಟಗಳ ಕಡತದ ಕೊನೆಯ ಹಾಳೆಯ ಒಂದು ಬದಿ ಖಾಲಿ ಉಳಿಯುತ್ತದೆ. ಅಂತಹ 10 ಕಡತಗಳಿದ್ದರೆ 155 ಹಾಳೆಗಳು ಬೇಕು. ಎಕ್ಸೆಲ್ ಹಾಳೆಯ B ಅಂಕಣದಲ್ಲಿ ಪುಟಗಳನ್ನು ಬರೆದು, ಪಕ್ಕದಲ್ಲಿ ಈ ಸೂತ್ರ ನೀಡಿದರೆ ಕಡತವಾರು ಹಾಳೆಗಳು ದೊರೆಯುತ್ತವೆ:

```
=ROUNDUP(B2/2,0)
```

ಆಗ ಕಪ್ಪು-ಬಿಳುಪಿನ ವೆಚ್ಚ ರೂ. 465, ಒಂದು ಪ್ರತಿಗೆ ರೂ. 675, ಐದು ಪ್ರತಿಗಳಿಗೆ ರೂ. 3,375, ಉಳಿತಾಯ ರೂ. 675. ಮೇಲಿನ ದರಗಳು ಲೆಕ್ಕ ತೋರಿಸಲು ಮಾತ್ರ. ಸ್ಥಳೀಯ ದರವನ್ನೇ ಬಳಸತಕ್ಕದ್ದು.

ಅಂಗಡಿಗೆ ಹೋಗುವಾಗ ಕಡತವಾರು ಪಟ್ಟಿಯ ಒಂದು ಪ್ರತಿಯನ್ನು ಜೊತೆಗೆ ಒಯ್ದು, ಬಿಲ್ಲಿನಲ್ಲಿ ನಮೂದಾದ ಪುಟಗಳನ್ನು ಅದರೊಂದಿಗೆ ಹೋಲಿಸಿದ ನಂತರವೇ ಹಣ ಪಾವತಿಸುವುದು.