ಫೋಟೋದಾಗಿನ ಗಾಡಿ ನಂಬರ್ ಮುಚ್ಚಬೇಕಾ? ಮೊಸಾಯಿಕ್, ಬ್ಲರ್ ಸಾಲದು, ಗಟ್ಟಿ ಪಟ್ಟಿಯೇ ಸರಿ

ಬೀದರ್: ಭಾಲ್ಕಿಯ ಒಬ್ಬರು ಔರಾದ್ ಕಡೆ ಹೊರಟಾಗ ರಸ್ತೆ ಗುಂಡಿಯ ಫೋಟೋ ತೆಗೀತಾರೆ ಅಂದುಕೊಳ್ಳಿ. ಕಳಪೆ ಕಾಮಗಾರಿ ಅಂತ ಬರೆದು ಫೇಸ್‌ಬುಕ್‌ಗೆ ಹಾಕ್ತಾರೆ. ಹೆಸರು ಹಾಕಿಲ್ಲ, ಮುಖವೂ ಇಲ್ಲ. ಆದ್ರೆ ಪಕ್ಕದಲ್ಲಿ ನಿಲ್ಲಿಸಿದ ಅವರದೇ ಬೈಕ್ ಫೋಟೋದಲ್ಲಿ ಬಂದಿದೆ. ನಂಬರ್ ಪ್ಲೇಟ್ ಮೇಲೆ ಮೊಸಾಯಿಕ್ ಬ್ರಷ್ ಎಳೆದು, ಇನ್ನು ಯಾರಿಗೂ ಗೊತ್ತಾಗಲ್ಲ ಅಂತ ನಿಶ್ಚಿಂತೆಯಿಂದ ಇರ್ತಾರೆ. ಆ ನಿಶ್ಚಿಂತೆಗೆ ಆಧಾರವಿಲ್ಲ.

ಮೊಸಾಯಿಕ್ ಏನು ಮಾಡ್ತದೆ?

ಮೊಸಾಯಿಕ್ ಅಂಕಿಗಳನ್ನು ಅಳಿಸೋದಿಲ್ಲ. ಪ್ಲೇಟನ್ನು ಸಣ್ಣ ಚೌಕಗಳಾಗಿ ಹಂಚಿ, ಪ್ರತಿ ಚೌಕದೊಳಗಿನ ಕಪ್ಪು-ಬಿಳುಪಿನ ಸರಾಸರಿ ತೆಗೆದು ಅದೊಂದೇ ಬಣ್ಣ ತುಂಬ್ತದೆ. ಫೋಟೋದಲ್ಲಿ ಒಂದು ಅಂಕಿ 16 ಪಿಕ್ಸೆಲ್ ಅಗಲ, 32 ಪಿಕ್ಸೆಲ್ ಎತ್ತರ ಇದೆ ಅಂತಿರಲಿ. ಚೌಕ 8 ಪಿಕ್ಸೆಲ್‌ನದಾದರೆ ಒಂದು ಅಂಕಿಗೆ 8 ಚೌಕ ಉಳೀತವೆ. 1ರ ಎಂಟು ಚೌಕಗಳ ಬಣ್ಣವೇ ಬೇರೆ, 8ರದ್ದೇ ಬೇರೆ. ನಮ್ಮ ಕಣ್ಣಿಗೆ ಎರಡೂ ಬೂದು ಮಚ್ಚೆ, ಕಂಪ್ಯೂಟರ್‌ಗೆ ಎರಡೂ ಬೇರೆ ಬೇರೆ ಲೆಕ್ಕ.

ಹುಡುಕುವವನು ಮಚ್ಚೆಯಿಂದ ಅಂಕಿಯನ್ನು ಹಿಂದಕ್ಕೆ ತರಬೇಕಾಗಿಲ್ಲ. 0001ರಿಂದ 9999ರವರೆಗೆ ಒಂದೊಂದೇ ನಂಬರಿನ ಪ್ಲೇಟನ್ನು ತಾನೇ ಬರೆದು, ಅದಕ್ಕೂ ಅದೇ ಮೊಸಾಯಿಕ್ ಹಾಕಿ, ಯಾವುದು ಫೋಟೋಗೆ ಹೊಂದ್ತದೆ ಅಂತ ಪ್ರೋಗ್ರಾಂನಿಂದ ನೋಡಿಸಿದರೆ ಸಾಕು. ಹತ್ತು ಸಾವಿರ ಅನ್ನೋದು ಸಾಧಾರಣ ಲ್ಯಾಪ್‌ಟಾಪ್‌ಗೆ ದೊಡ್ಡ ಕೆಲಸವಲ್ಲ.

ನಂಬರ್ ಪ್ಲೇಟ್‌ಗೆ ಈ ಅಪಾಯ ಹೆಚ್ಚು. ಬೀದರ್ ಗಾಡಿ ಕೆಎ-38, ಭಾಲ್ಕಿ ಗಾಡಿ ಕೆಎ-39 ಅಂತ ಊರವರಿಗೆಲ್ಲ ಗೊತ್ತು. ಅಂದ್ರೆ ಮೊದಲ ನಾಲ್ಕು ಅಕ್ಷರ ಊಹಿಸುವ ಅಗತ್ಯವೇ ಇಲ್ಲ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಕಡ್ಡಾಯವಾಗಿದ್ದು, ಅವುಗಳ ಅಕ್ಷರಗಳೆಲ್ಲ ಒಂದೇ ಅಚ್ಚಿನವು. ಹೋಲಿಸಿ ನೋಡುವವನಿಗೆ ಇದು ಅನುಕೂಲ. ಫೋಟೋ ಓರೆಯಾಗಿದ್ದರೆ, ಬೆಳಕು ಕಡಿಮೆ ಇದ್ದರೆ ಕೆಲಸ ಕಷ್ಟವಾಗ್ತದೆ. ಆಗಲೂ ಹತ್ತು ಸಾವಿರದ ಪಟ್ಟಿ ಕೆಲವೇ ನಂಬರಿಗೆ ಇಳಿದರೆ, ಬೈಕಿನ ಬಣ್ಣ ಮತ್ತು ಮಾಡೆಲ್ ನೋಡಿ ಉಳಿದದ್ದನ್ನು ಊರವರೇ ಹೇಳ್ತಾರೆ.

ಬ್ಲರ್ ಆದ್ರೆ?

ಬ್ಲರ್ ಕೂಡ ಸರಾಸರಿಯೇ. ಚೌಕಗಳ ಬದಲು ಅಕ್ಕಪಕ್ಕದ ಬಣ್ಣಗಳನ್ನು ನುಣ್ಣಗೆ ಬೆರೆಸ್ತದೆ, ಅಷ್ಟೇ. ತೆಳು ಬ್ಲರ್ ಆಗಿದ್ದರೆ ಫೋಟೋವನ್ನು ಚಿಕ್ಕದು ಮಾಡಿ ದೂರದಿಂದ ನೋಡಿದಾಗಲೇ ಅಂಕಿ ಕಾಣಬಹುದು. ವಿಡಿಯೋದಲ್ಲಿ ಇನ್ನೂ ಕಷ್ಟ. ಗಾಡಿ ಅಲುಗಾಡಿದಂತೆ ಪ್ರತಿ ಫ್ರೇಮ್‌ನಲ್ಲಿ ಸರಾಸರಿ ಸ್ವಲ್ಪ ಬದಲಾಗ್ತದೆ, ಹಲವು ಫ್ರೇಮ್ ಸೇರಿಸಿ ನೋಡುವವನಿಗೆ ಹೆಚ್ಚು ಸುಳಿವು ಸಿಗ್ತದೆ.

ಗಟ್ಟಿ ಪಟ್ಟಿ ಹಾಕುವ ರೀತಿ

ಒಂದೇ ಬಣ್ಣದ ಪಟ್ಟಿ ಹಾಕಿದರೆ ಅದರ ಕೆಳಗಿನ ಪಿಕ್ಸೆಲ್‌ಗಳ ಜಾಗಕ್ಕೆ ಆ ಬಣ್ಣವೇ ಬಂದು ಕೂರ್ತದೆ. ಸರಾಸರಿ ಅನ್ನೋದೇ ಇಲ್ಲ, ಹಾಗಾಗಿ ಹೋಲಿಸಲು ಏನೂ ಉಳಿಯೋದಿಲ್ಲ. ನೋಡಲು ಚೆನ್ನಾಗಿರೋದಿಲ್ಲ ಅನ್ನೋದೊಂದೇ ಕೊರತೆ. ಆದ್ರೆ ಇದರಲ್ಲೂ ಜನ ಎಡವ್ತಾರೆ.

ಹೆಚ್ಚಿನವರು ಮಾರ್ಕರ್ ಅಥವಾ ಹೈಲೈಟರ್‌ನಿಂದ ಕಪ್ಪು ಬಳೀತಾರೆ. ಕೆಲವು ಮಾರ್ಕರ್‌ಗಳು ಅರೆಪಾರದರ್ಶಕ. ನಾಲ್ಕು ಸಲ ಬಳಿದರೂ ಅಡಿಯಲ್ಲಿ ಅಂಕಿ ಉಳಿದಿರ್ತದೆ, ಕಣ್ಣಿಗೆ ಕಾಣೋದಿಲ್ಲ. ಪರೀಕ್ಷೆ ಸುಲಭ: ಸೇವ್ ಮಾಡಿದ ಫೋಟೋವನ್ನು ಮತ್ತೆ ಎಡಿಟರ್‌ನಲ್ಲಿ ತೆರೆದು ಬ್ರೈಟ್‌ನೆಸ್, ಎಕ್ಸ್‌ಪೋಶರ್, ಶ್ಯಾಡೋ ಮೂರನ್ನೂ ಪೂರ್ತಿ ಏರಿಸಿ. ಅಂಕಿಯ ಆಕಾರ ಮೂಡಿದರೆ ಆ ಫೋಟೋ ಹಾಕಬೇಡಿ. ಮಾರ್ಕರ್ ಬಿಟ್ಟು, ಒಳಗೆ ಬಣ್ಣ ತುಂಬಿದ ಚೌಕದ ಆಕಾರ ಬಳಸಿ.

ಪಟ್ಟಿ ಇಡೀ ಪ್ಲೇಟನ್ನು ಮುಚ್ಚಬೇಕು. ಒಂದೊಂದು ಅಂಕಿಯನ್ನೇ ಬಿಡಿಬಿಡಿಯಾಗಿ ಮುಚ್ಚಿದರೆ ಸಣಕಲು 1 ಎಲ್ಲಿದೆ ಅಂತ ಪಟ್ಟಿಯ ಅಗಲವೇ ಹೇಳಿಕೊಡ್ತದೆ.

ಕೊನೆಗೆ, ಮುಚ್ಚಿದ ಫೋಟೋದ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕಿ. ಎಡಿಟ್ ಆದ ಫೈಲ್‌ನೊಳಗೆ ಹಳೆಯ ಚಿತ್ರ ಉಳಿದುಕೊಳ್ಳುವುದುಂಟು. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನ್‌ಗಳ ಎಡಿಟರ್‌ನಲ್ಲಿ ಇಂಥದೇ ದೋಷ ಬೆಳಕಿಗೆ ಬಂತು: ಕತ್ತರಿಸಿ ತೆಗೆದ ಭಾಗವನ್ನು ಫೈಲ್‌ನಿಂದ ಮರಳಿ ಪಡೆಯಬಹುದಿತ್ತು.

ನಂಬರ್ ಬೇರೆಲ್ಲಿ ಇರ್ತದೆ?

ಪ್ಲೇಟ್ ಮುಚ್ಚಿದರೆ ಮುಗೀತು ಅನ್ನುವಂತಿಲ್ಲ. ಎಚ್‌ಎಸ್‌ಆರ್‌ಪಿ ಹಾಕಿಸಿದ ಕಾರಿನ ಮುಂದಿನ ಗಾಜಿನ ಸ್ಟಿಕ್ಕರ್‌ನಲ್ಲೂ ನೋಂದಣಿ ಸಂಖ್ಯೆ ಇರ್ತದೆ. ಲಾರಿ, ಟಂಟಂಗಳ ಪಕ್ಕದಲ್ಲಿ ಬಣ್ಣದಲ್ಲಿ ಬರೆಸಿರ್ತಾರೆ. ಪಕ್ಕದ ಅಂಗಡಿಯ ಗಾಜಿನಲ್ಲಿ ಪ್ಲೇಟಿನ ಬಿಂಬ ಬಿದ್ದಿರಬಹುದು. ಗುಂಡಿಯ ಫೋಟೋ ತೆಗೆದ ಭಾಲ್ಕಿಯವರಿಗೆ ಇವೆಲ್ಲಕ್ಕಿಂತ ಸುಲಭದ ದಾರಿ ಇತ್ತು: ಬೈಕನ್ನು ಹತ್ತು ಹೆಜ್ಜೆ ಹಿಂದೆ ಬಿಟ್ಟು ಬಂದು ಕ್ಲಿಕ್ ಮಾಡೋದು.