ಗುಳಿಗೆಯೊಳಗೆ ಇದ್ದುದೇನು?

2007ರ ಫೆಬ್ರವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಜನರಿಗೊಂದು ಎಚ್ಚರಿಕೆಯನ್ನು ನೀಡಿತು. ನಿದ್ರೆಗೆ, ಮನಸ್ಸಿನ ಉದ್ವೇಗಕ್ಕೆ ಎಂದು ಅಂತರಜಾಲದ ಮೂಲಕ ಗುಳಿಗೆಗಳನ್ನು ತರಿಸಿ ನುಂಗಿದ ಕೆಲವರ ಸ್ನಾಯುಗಳು ಸೆಟೆದುಕೊಂಡುವು, ಉಸಿರಾಟ ಕಷ್ಟವಾಯಿತು, ಅವರು ತುರ್ತು ಚಿಕಿತ್ಸೆ ಪಡೆಯಬೇಕಾಯಿತು. ಪರೀಕ್ಷಿಸಿದಾಗ ಗುಳಿಗೆಗಳಲ್ಲಿ ಕಂಡುಬಂದುದು ಹ್ಯಾಲೊಪೆರಿಡಾಲ್. ಇದು ತೀವ್ರ ಮನೋರೋಗಗಳಿಗೆ ವೈದ್ಯರು ಕೊಡುವ ಪ್ರಬಲ ಔಷಧ.

ಸ್ನಾಯುಗಳು ಸೆಟೆದುದೇಕೆ? ನಮ್ಮ ಚಲನೆಯನ್ನು ಹದದಲ್ಲಿಡಲು ಮೆದುಳಿನ ಜೀವಕೋಶಗಳು ಡೋಪಮೀನ್ ಎಂಬ ರಾಸಾಯನಿಕದ ಮೂಲಕ ಒಂದಕ್ಕೊಂದು ಸಂದೇಶ ಕಳುಹಿಸುತ್ತವೆ. ಹ್ಯಾಲೊಪೆರಿಡಾಲ್ ಆ ಸಂದೇಶವನ್ನು ತಡೆಯುತ್ತದೆ. ಆಗ ಹತೋಟಿ ತಪ್ಪಿದ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳಬಹುದು. ತಾನು ನುಂಗಿದ್ದು ನಿದ್ರೆಯ ಗುಳಿಗೆಯೆಂದೇ ರೋಗಿಯು ನಂಬಿರುವುದರಿಂದ, ನಿಜವಾದ ಕಾರಣವು ವೈದ್ಯರಿಗೂ ಬೇಗನೆ ಹೊಳೆಯದಿರಬಹುದು.

ಗುಳಿಗೆಯ ಬಣ್ಣ, ಆಕಾರಗಳನ್ನು ಅನುಕರಿಸುವುದು ಸುಲಭ. ಒಳಗಿರುವ ವಸ್ತುವನ್ನು ಪ್ರಯೋಗಶಾಲೆಯು ಗುರುತಿಸಬಲ್ಲುದೇ ಹೊರತು ನಮ್ಮ ಕಣ್ಣು ಗುರುತಿಸಲಾರದು. ಆದರೆ ಮಾರುವವನ ನಡತೆಯನ್ನು ನಾವು ನೋಡಬಹುದು. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧವನ್ನು ಅವನು ಚೀಟಿ ಕೇಳದೆ ಕಳುಹಿಸುತ್ತಾನೆಯೆ? ತನ್ನ ವಿಳಾಸವನ್ನು ಮರೆಮಾಡುತ್ತಾನೆಯೆ? ಹಾಗಿದ್ದರೆ ಅವನು ಕೇಳುವ ಅತಿ ಕಡಿಮೆ ಬೆಲೆಯೂ ಸಂಶಯಾಸ್ಪದವೇ. ಸರಿಯಾದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿ, ತಯಾರಾದ ಪ್ರತಿಯೊಂದು ಕಂತನ್ನೂ ಪರೀಕ್ಷಿಸಲು ಹಣ ಬೇಕು. ಆ ಹಣವನ್ನು ಉಳಿಸಿದವನಿಗೆ ಬೆಲೆ ಇಳಿಸುವುದು ಕಷ್ಟವಲ್ಲ.