ಉದ್ದವಾದ ಪಟ್ಟಿಯೇ ನಿರ್ಣಾಯಕವಲ್ಲ: ಕಟ್ಟಡ ಕಾಮಗಾರಿಯ ಗ್ಯಾಂಟ್ ನಕ್ಷೆಯನ್ನು ಓದುವ ಬಗೆ

ವಿಜಯಪುರ ಜಿಲ್ಲೆಯ ಮಸೂತಿಯಲ್ಲಿ ವರ್ತಕರೊಬ್ಬರು ಬ್ಯಾಂಕ್ ಸಾಲದಿಂದ ಗೋದಾಮು ಕಟ್ಟಿಸುತ್ತಿದ್ದಾರೆ ಎಂದಿಟ್ಟುಕೊಳ್ಳಬಹುದು. ಗುತ್ತಿಗೆದಾರನು 75 ದಿನಗಳ ಗ್ಯಾಂಟ್ ನಕ್ಷೆಯನ್ನು ನೀಡಿದ್ದಾನೆ. ನಕ್ಷೆಯ ಮೇಲ್ಭಾಗದಲ್ಲಿ ದಿನಗಳು, ಎಡಬದಿಯಲ್ಲಿ ಕೆಲಸಗಳು. ಪ್ರತಿ ಕೆಲಸಕ್ಕೂ ಅದು ಆರಂಭವಾಗುವ ದಿನದಿಂದ ಮುಗಿಯುವ ದಿನದವರೆಗೆ ಒಂದು ಪಟ್ಟಿ.

ಜಾಗ ಸಮಗೊಳಿಸಿ ಗುರುತು ಹಾಕಲು ಮೊದಲ 5 ದಿನ. ಎರೆಮಣ್ಣಿನಲ್ಲಿ ಬುನಾದಿಗೆ 6ರಿಂದ 25. ಕಂಬ ಹಾಗೂ ಗೋಡೆಗೆ 26ರಿಂದ 50. ಗುರುತು ಹಾಕಿದ ಕೂಡಲೇ ಅಳತೆ ಕೊಟ್ಟು ಮಾಡಿಸುವ ಕಬ್ಬಿಣದ ಟ್ರಸ್‌ಗಳಿಗೆ 6ರಿಂದ 45. ಟ್ರಸ್ ಏರಿಸಿ ತಗಡು ಹೊದಿಸಲು 51ರಿಂದ 60. ನೆಲ ಮತ್ತು ಶಟರ್‌ಗಳಿಗೆ 61ರಿಂದ 75. ವಿದ್ಯುತ್ ಕೆಲಸಕ್ಕೆ 61ರಿಂದ 66.

40 ದಿನಗಳ ಟ್ರಸ್ ಪಟ್ಟಿಯೇ ಎಲ್ಲಕ್ಕಿಂತ ಉದ್ದವಾದುದರಿಂದ ಮಾಲೀಕನ ಕಣ್ಣು ಸಹಜವಾಗಿ ಅದರತ್ತ ಹೋಗುತ್ತದೆ. ಆದರೆ ನಿರ್ಣಾಯಕ ಪಥವನ್ನು ಹುಡುಕಬೇಕಾದುದು ಕೊನೆಯಿಂದ ಹಿಂದಕ್ಕೆ. ನೆಲದ ಕೆಲಸ 61ನೆಯ ದಿನಕ್ಕಿಂತ ಮೊದಲೇಕೆ ಆರಂಭವಾಗಲಿಲ್ಲ? ಛಾವಣಿ ಮುಗಿದಿರಲಿಲ್ಲ. ಛಾವಣಿ 51ರವರೆಗೆ ಕಾದುದೇಕೆ? ಟ್ರಸ್ 45ಕ್ಕೇ ಸಿದ್ಧವಾಗಿದ್ದರೂ ಗೋಡೆ ಮುಗಿದುದು 50ಕ್ಕೆ. ಗೋಡೆ ಕಾದುದು ಬುನಾದಿಗಾಗಿ, ಬುನಾದಿ ಗುರುತಿಗಾಗಿ. ಹೀಗೆ ದೊರೆತ ಸರಪಳಿಯಲ್ಲಿ 5, 20, 25, 10, 15 ಸೇರಿ 75 ದಿನ. ಇದರಲ್ಲಿ ಒಂದು ದಿನ ತಡವಾದರೂ ಗೋದಾಮು ಒಂದು ದಿನ ತಡ. ಟ್ರಸ್‌ಗಾದರೋ 5 ದಿನಗಳ ಬಿಡುವಿದೆ. ವಿದ್ಯುತ್ ಕೆಲಸಕ್ಕೆ 9.

ಈ ಬಿಡುವು ಶಾಶ್ವತವಲ್ಲ. ಟ್ರಸ್ 8 ದಿನ ತಡವಾದರೆ ಮೊದಲ 5 ದಿನ ಬಿಡುವಿನಲ್ಲಿ ಕರಗಿ, ಕಟ್ಟಡ 78ನೆಯ ದಿನಕ್ಕೆ ಹೋಗುತ್ತದೆ. ನಿರ್ಣಾಯಕ ಪಥವೂ ಗೋಡೆಯನ್ನು ಬಿಟ್ಟು ಟ್ರಸ್‌ನತ್ತ ಹೊರಳುತ್ತದೆ. ಹಣ ಪೋಲಾಗುವುದು ಹೆಚ್ಚಾಗಿ ಇದರ ವಿಲೋಮ ಪ್ರಸಂಗದಲ್ಲಿ. ಹೆಚ್ಚುವರಿ ಕೂಲಿ ತೆತ್ತು ಗೋಡೆಯನ್ನು 7 ದಿನ ಮೊದಲೇ, ಅಂದರೆ 43ಕ್ಕೆ ಮುಗಿಸಿದರೂ ಟ್ರಸ್ ಬರುವುದು 45ಕ್ಕೇ. ಕೂಲಿ 7 ದಿನಗಳ ಉಳಿತಾಯಕ್ಕೆ, ಬಡ್ಡಿಯ ಉಳಿತಾಯ 5 ದಿನಗಳದು ಮಾತ್ರ.

ಕೂಲಿ ಹೆಚ್ಚಿಸಿದರೂ ಕುಗ್ಗದ ದಿನಗಳು ಬುನಾದಿಯ ಪಟ್ಟಿಯೊಳಗೆ ಅಡಗಿವೆ. ಐಎಸ್ 456:2000 ಮಾನಕದಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದಕ್ಕೆ 10 ದಿನ ಕ್ಯೂರಿಂಗ್ ಬೇಕು. ಗುತ್ತಿಗೆದಾರನ ಪರಿಷ್ಕೃತ ನಕ್ಷೆಯಲ್ಲಿ ಬುನಾದಿಯ ಪಟ್ಟಿ ದಿಢೀರನೆ ಮೋಟಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಬರಿಯ ಪಟ್ಟಿಗಳುಳ್ಳ ನಕ್ಷೆಗೆ ಒಂದು ಮಿತಿಯಿದೆ. ಒಂದು ಪಟ್ಟಿ ಮುಗಿದಲ್ಲಿ ಇನ್ನೊಂದು ಆರಂಭವಾದರೆ, ಅದು ನಿಜವಾದ ಅವಲಂಬನೆಯೋ ಕೇವಲ ಕಾಕತಾಳೀಯವೋ ತಿಳಿಯದು. ಆದಕಾರಣ ಪ್ರತಿ ಕೆಲಸದೆದುರು ಅದಕ್ಕಿಂತ ಮೊದಲು ಮುಗಿಯಬೇಕಾದ ಕೆಲಸಗಳ ಹೆಸರನ್ನು ಗುತ್ತಿಗೆದಾರನಿಂದಲೇ ಬರೆಸಿಕೊಳ್ಳುವುದು ಒಳಿತು. ಅದೂ ಮುಂಗಡ ಹಣ ಕೈ ಬಿಡುವ ಮೊದಲು.